ನಡಾವಳಿ ಸಾಲನ್ನ ಮೊದಲು ಬರೆದು, ಆಮೇಲೆ ಕರೆದ ಮೀಟಿಂಗ್

2024ರ ಮಾರ್ಚಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎರಡು ಬೋರ್‌ವೆಲ್ಲಲ್ಲಿ ಒಂದು ಪೂರ್ತಿ ನಿಂತೋಯ್ತು, ಇನ್ನೊಂದು ಬೆಳಗ್ಗೆ ಮುಕ್ಕಾಲು ಗಂಟೆ ನೀರು ಕೊಟ್ಟು ಆಮೇಲೆ ಬರೀ ಗಾಳಿ ಬಿಡ್ತಿತ್ತು. ಆ ಬೇಸಿಗೆ ಬೆಂಗಳೂರಲ್ಲಿದ್ದವರಿಗೆ ಇದನ್ನ ವಿವರಿಸೋದೇ ಬೇಡ. ನಾನು ಆಗ ಅಸೋಸಿಯೇಷನ್ ಸೆಕ್ರೆಟರಿ. 48 ಮನೆ, ಆ ತಿಂಗಳು 55 ಟ್ಯಾಂಕರ್, ಒಂದಕ್ಕೆ 1,400 ರೂಪಾಯಿ, ಒಟ್ಟು 77,000. ಅದನ್ನ ಸಮನಾಗಿ ಹಂಚಿದ್ರೆ ಮನೆಗೆ 1,604 ರೂಪಾಯಿ ಚಿಲ್ಲರೆ. ಗಂಡ ಹೆಂಡತಿ ಇಬ್ಬರೇ ಇರೋ ಮನೆಗೂ ಅಷ್ಟೇ, ಏಳು ಜನ ಇರೋ ಮನೆಗೂ ಅಷ್ಟೇ, ಆರು ತಿಂಗಳಿಂದ ಬೀಗ ಹಾಕಿರೋ ಮನೆಗೂ ಅಷ್ಟೇ. ಜಗಳ ಅಲ್ಲಿಂದ ಶುರು.

ನಾನು ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿದೆ. ಅದು ಇನ್ನೂ ಫೋನಲ್ಲಿದೆ, ಹಾಗೇ ಕೊಡ್ತೀನಿ:

"ಆತ್ಮೀಯ ನಿವಾಸಿಗಳೇ, ಈ ಭಾನುವಾರ ಬೆಳಗ್ಗೆ 11 ಗಂಟೆಗೆ ಪಾರ್ಟಿ ಹಾಲಲ್ಲಿ ನೀರಿನ ಸಮಸ್ಯೆ ಬಗ್ಗೆ ಚರ್ಚಿಸಲು ಮೀಟಿಂಗ್ ಇದೆ. ದಯವಿಟ್ಟು ಎಲ್ಲರೂ ತಪ್ಪದೇ ಬನ್ನಿ."

ಎಲ್ಲರೂ ಅಂದ್ರೆ ಸುಮಾರು ಅರವತ್ತು ಜನ ಬಂದ್ರು, ನಮ್ಮಲ್ಲಿ ಅಷ್ಟು ಜನ ಸೇರಿದ್ದು ಗಣೇಶನ ಹಬ್ಬ ಬಿಟ್ರೆ ಅದೇ ಮೊದಲು. ಎರಡೂವರೆ ಗಂಟೆ ಮಾತಾಡಿದ್ವಿ. ಒಬ್ಬರು ಹೊಸ ಬೋರ್ ಕೊರೆಸೋಣ ಅಂದ್ರು, ಒಬ್ಬರು ಕಾರು ತೊಳೆಯೋದು ನಿಲ್ಲಿಸಿ ಅಂದ್ರು, ಇನ್ನೊಬ್ಬರು ಬಿಲ್ಡರ್ ಮಳೆನೀರು ಕೊಯ್ಲಿನ ಗುಂಡಿ ಸರಿಯಾಗಿ ಮಾಡಿಕೊಟ್ಟಿಲ್ಲ ಅಂತ ಹಳೇ ಫೈಲ್ ತಂದಿದ್ರು, ಮನೆಮನೆಗೂ ಮೀಟರ್ ಹಾಕಿಸಿ ಅಂತ ನಾಲ್ಕೈದು ಜನ ಹೇಳಿದ್ರು, ಮಧ್ಯದಲ್ಲಿ ಲಿಫ್ಟ್ ವಿಷಯ ಬಂತು, ಲಿಫ್ಟಿಂದ ಸೆಕ್ಯುರಿಟಿ ಏಜೆನ್ಸಿಗೆ ಹೋಯ್ತು. ಒಂದೂವರೆಗೆ ಊಟದ ಹೊತ್ತಾಯ್ತು ಅಂತ ಒಬ್ಬೊಬ್ಬರೇ ಎದ್ದು ಹೋದ್ರು. ಅವತ್ತು ರಾತ್ರಿ ನಡಾವಳಿ ಪುಸ್ತಕ ತೆಗೆದು ಬರೆಯೋಕೆ ಕೂತರೆ ನನಗೆ ಬರೆಯೋಕಾಗಿದ್ದು ಒಂದೇ ಸಾಲು: "ನೀರಿನ ಸಮಸ್ಯೆ ಬಗ್ಗೆ ಸುದೀರ್ಘವಾಗಿ ಚರ್ಚಿಸಲಾಯಿತು."

ಆ ಸಾಲು ನೋಡಿ ನನಗೆ ನಿಜವಾಗ್ಲೂ ಬೇಜಾರಾಯ್ತು. ಭಾನುವಾರ ಬೆಳಗ್ಗೆ ಬಿಟ್ಟು ಬಂದ ಅರವತ್ತು ಜನರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ನಾನು ಚರ್ಚೆಗೆ ಕರೆದೆ, ಅವರು ಬಂದು ಚರ್ಚೆ ಮಾಡಿದ್ರು. ಕೇಳಿದ್ದನ್ನೇ ಕೊಟ್ಟಿದ್ರು.

ಪುಸ್ತಕದ ಹಿಂದಿನ ಪುಟಗಳನ್ನ ತಿರುವಿ ಹಾಕಿದೆ. ಐದು ವರ್ಷದ ನಡಾವಳಿಯಲ್ಲಿ "ಚರ್ಚಿಸಲಾಯಿತು", "ಪರಿಶೀಲಿಸಲು ತೀರ್ಮಾನಿಸಲಾಯಿತು", "ಮುಂದಿನ ಸಭೆಗೆ ಮುಂದೂಡಲಾಯಿತು" ಇವೇ ಜಾಸ್ತಿ. ನಿಜವಾದ ತೀರ್ಮಾನ ಇದ್ದ ಪುಟಗಳಲ್ಲಿ ಒಂದು ವಿಷಯ ಎದ್ದು ಕಾಣ್ತಿತ್ತು, ಆ ಸಭೆಗಳ ನೋಟಿಸ್ ಕೂಡ ಬೇರೆ ಥರ ಇತ್ತು. ಉದಾಹರಣೆಗೆ ಜನರೇಟರ್ ಬದಲಾಯಿಸಿದ ಸಭೆಯ ನೋಟಿಸಲ್ಲಿ ಆಗಿನ ಸೆಕ್ರೆಟರಿ ಎರಡು ಕೊಟೇಶನ್ನಿನ ಮೊತ್ತ ಬರೆದು "ಎರಡರಲ್ಲಿ ಒಂದನ್ನು ಆಯ್ಕೆ ಮಾಡಲು" ಅಂತ ಹಾಕಿದ್ರು. ಚರ್ಚಿಸಲು ಅಂತಿರಲಿಲ್ಲ, ಆಯ್ಕೆ ಮಾಡಲು ಅಂತಿತ್ತು. ಒಂದು ಕ್ರಿಯಾಪದದಲ್ಲೇ ಅಷ್ಟು ವ್ಯತ್ಯಾಸ.

ನಾವು ಕರೆಯೋದನ್ನ ಕಲಿತಿರೋದು ಮದುವೆ ಕಾರ್ಡಿಂದ, ಗೃಹಪ್ರವೇಶದ ಕಾರ್ಡಿಂದ ಅನ್ಸುತ್ತೆ. ದಿನ, ಮುಹೂರ್ತ, ಸ್ಥಳ, ತಮ್ಮ ಆಗಮನಾಭಿಲಾಷಿಗಳು. ಅಲ್ಲಿ ಅಷ್ಟು ಸಾಕು, ಬಂದು ಅಕ್ಷತೆ ಹಾಕಿದ್ರೆ ಬಂದವರ ಕೆಲಸ ಮುಗೀತು, ಅವರ ಹಾಜರಿಯೇ ಮುಖ್ಯ. ಮೀಟಿಂಗಿಗೆ ಕರೆಯೋವಾಗ ಹಾಜರಿ ಜೊತೆಗೆ ಇನ್ನೂ ಎರಡು ಕೇಳ್ತಿರ್ತೀವಿ, ಬರೋ ಮುಂಚೆ ಸ್ವಲ್ಪ ಕೆಲಸ, ಬಂದ ಮೇಲೆ ಒಂದು ಉತ್ತರ. ಆ ಎರಡನ್ನೂ ಬರೆಯದೇ ದಿನ ಸ್ಥಳ ಮಾತ್ರ ಬರೆದ್ರೆ ಬರೋವರು ಅತಿಥಿಗಳ ಥರಾನೇ ಬರ್ತಾರೆ.

ಕಂಪನಿಗಳ ವಿಷಯದಲ್ಲಿ ಇದನ್ನ ಕಾನೂನೇ ಗುರುತಿಸಿದೆ. 2013ರ ಕಂಪನಿ ಕಾಯ್ದೆಯಲ್ಲಿ ಷೇರುದಾರರ ಸಭೆಗೆ ಸಾಮಾನ್ಯವಾಗಿ 21 ಪೂರ್ತಿ ದಿನ ಮುಂಚೆ ನೋಟಿಸ್ ಕೊಡಬೇಕು ಅಂತಿದೆ, ಅಷ್ಟೇ ಆಗಿದ್ರೆ ವಿಶೇಷ ಏನಿಲ್ಲ. ಆದರೆ ಸೆಕ್ಷನ್ 102 ಇನ್ನೂ ಮುಂದೆ ಹೋಗುತ್ತೆ, ಮಾಮೂಲಿ ವಿಷಯ ಬಿಟ್ಟು ಬೇರೆ ಏನಾದ್ರೂ ತೀರ್ಮಾನ ಆಗಬೇಕಾದ್ರೆ ಪ್ರತಿಯೊಂದಕ್ಕೂ ಒಂದು ವಿವರಣೆ ನೋಟಿಸಿನ ಜೊತೆಗೇ ಹೋಗಬೇಕು, ಸದಸ್ಯರು ಆ ವಿಷಯದ ಅರ್ಥ, ವ್ಯಾಪ್ತಿ, ಪರಿಣಾಮ ತಿಳ್ಕೊಂಡು ತೀರ್ಮಾನ ತಗೊಳ್ಳೋಕೆ ಬೇಕಾದ ಸಂಗತಿಗಳೆಲ್ಲ ಅದರಲ್ಲಿರಬೇಕು, ಅದರಲ್ಲಿ ನಿರ್ದೇಶಕರಿಗೆ ಸ್ವಂತ ಹಿತ ಏನಾದ್ರೂ ಇದ್ರೆ ಅದನ್ನೂ ಹೇಳಬೇಕು. ನಮ್ಮಂಥ ಅಸೋಸಿಯೇಷನ್ನಿಗೆ ಇದು ಅನ್ವಯಿಸಲ್ಲ, ಆದರೂ ನಾನು ಅದನ್ನ ಓದಿದಾಗ ಒಂದು ಸ್ಪಷ್ಟ ಆಯ್ತು: ನೋಟಿಸ್ ಅನ್ನೋದು ಸಭೆಯ ಜಾಹೀರಾತಲ್ಲ, ಸಭೆಯ ಮೊದಲನೇ ಭಾಗ.

ಹಾಗಾಗಿ ಏಪ್ರಿಲಲ್ಲಿ ಎರಡನೇ ಸಲ ಕರೆಯೋವಾಗ ನಾನು ಉಲ್ಟಾ ದಿಕ್ಕಿಂದ ಶುರು ಮಾಡಿದೆ. ಆಮಂತ್ರಣ ಬರೆಯೋ ಮುಂಚೆ ಸಭೆ ಮುಗಿದ ರಾತ್ರಿ ನಡಾವಳಿ ಪುಸ್ತಕದಲ್ಲಿ ಯಾವ ಸಾಲು ಬರೆಯೋಕೆ ಇಷ್ಟಪಡ್ತೀನೋ ಅದನ್ನ ಖಾಲಿ ಜಾಗ ಬಿಟ್ಟು ಬರೆದೆ:

"48 ಮನೆಗಳಿಗೂ ನೀರಿನ ಮೀಟರ್ ಹಾಕಿಸಲು / ಹಾಕಿಸದಿರಲು ತೀರ್ಮಾನಿಸಲಾಯಿತು. ಹಾಕಿಸುವುದಾದರೆ ____ ಬಗೆಯ ಮೀಟರ್, ಒಟ್ಟು ಖರ್ಚು ____ ರೂಪಾಯಿ ಮೀರದಂತೆ, ಹಣ ____ ಇಂದ."

ಇಷ್ಟು ಬರೆಯೋಕೆ ನನಗೆ ಒಂದು ವಾರ ಬೇಕಾಯ್ತು. ಯಾಕೆಂದ್ರೆ "ನೀರಿನ ಸಮಸ್ಯೆ" ಅನ್ನೋದು ಒಂದು ಪ್ರಶ್ನೆ ಅಲ್ಲ. ಹೊಸ ಬೋರ್ ಒಂದು ಪ್ರಶ್ನೆ, ಮಳೆನೀರಿನ ಗುಂಡಿ ಇನ್ನೊಂದು, ಬಿಲ್ ಹಂಚಿಕೆ ಮತ್ತೊಂದು, ಪ್ರತಿಯೊಂದಕ್ಕೂ ಬೇರೆ ಮಾಹಿತಿ ಬೇಕು, ಬೇರೆ ಜನ ಬೇಕು. ಜಗಳ ಆಗ್ತಿದ್ದಿದ್ದು ಹಂಚಿಕೆ ಮೇಲೆ, ಅದಕ್ಕೆ ಮೀಟರ್ ಆಗುತ್ತೋ ಇಲ್ವೋ ಅಂತ ಗೊತ್ತಾಗದೇ ಬೇರೆ ಯಾವುದೂ ಮುಂದೆ ಹೋಗಲ್ಲ. ಸಾಲು ಬರೆಯೋಕಾಗ್ಲಿಲ್ಲ ಅಂದ್ರೆ ಆ ವಿಷಯ ಇನ್ನೂ ಮೀಟಿಂಗಿಗೆ ಹಣ್ಣಾಗಿಲ್ಲ ಅಂತ ಅರ್ಥ, ಅದಕ್ಕೆ ಮೊದಲು ಇಬ್ಬರು ಮೂವರು ಕೂತು ಮಾಹಿತಿ ಸೇರಿಸಬೇಕು, ಅರವತ್ತು ಜನರನ್ನ ಕರೆಯಬಾರದು.

ಸಾಲು ಸಿಕ್ಕ ಮೇಲೆ ಖಾಲಿ ಜಾಗಗಳೇ ಉಳಿದ ಕೆಲಸ ಹೇಳಿಕೊಟ್ವು. ಯಾವ ಬಗೆಯ ಮೀಟರ್ ಅಂತ ತುಂಬಬೇಕಾದ್ರೆ ಜನ ಎರಡು ಬಗೆ ತಿಳ್ಕೊಂಡು ಬಂದಿರಬೇಕು. ಖರ್ಚು ತುಂಬಬೇಕಾದ್ರೆ ಎಷ್ಟು ಮೀಟರ್ ಬೇಕು ಅಂತ ಗೊತ್ತಿರಬೇಕು. ಹಣ ಎಲ್ಲಿಂದ ಅಂತ ತುಂಬಬೇಕಾದ್ರೆ ಅಸೋಸಿಯೇಷನ್ ಕೂಡಿಟ್ಟಿರೋ ಕಾರ್ಪಸ್ ಫಂಡಲ್ಲಿ ಎಷ್ಟಿದೆ ಅಂತ ಖಜಾಂಚಿ ಲಿಖಿತವಾಗಿ ಕೊಟ್ಟಿರಬೇಕು. "ತೀರ್ಮಾನಿಸಲಾಯಿತು" ಅನ್ನೋ ಪದ ನಿಲ್ಲಬೇಕಾದ್ರೆ ತೀರ್ಮಾನಿಸೋ ಹಕ್ಕಿರೋರು ಸಾಕಷ್ಟು ಜನ ಇರಬೇಕು, ನಮ್ಮ ಬೈಲಾ ಪ್ರಕಾರ ಕೋರಂ ಮೂರನೇ ಒಂದು ಭಾಗ, ಅಂದ್ರೆ 16 ಮನೆಯ ಓನರ್‌ಗಳು. ಬಾಡಿಗೆಗೆ ಇರೋರು ನೀರು ಬಳಸೋರೇ ಆದ್ರೂ ಅವರಿಗೆ ವೋಟಿಲ್ಲ, ಓನರ್ ಅಮೆರಿಕದಲ್ಲಿದ್ರೆ ಅವರ ಒಪ್ಪಿಗೆ ಮೇಲಲ್ಲಿ ಬರಬೇಕು. ಇದನ್ನೆಲ್ಲ ಮೊದಲ ಸಲ ನಾನು ಯೋಚಿಸೇ ಇರಲಿಲ್ಲ, "ಎಲ್ಲರೂ ಬನ್ನಿ" ಅಂದುಬಿಟ್ಟಿದ್ದೆ.

ತಯಾರಿ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕೆಂದ್ರೆ ಮೀಟಿಂಗ್ ಕರೆಯೋರು ಜಾಸ್ತಿ ಎಡವೋದು ಇಲ್ಲೇ. "ದಯವಿಟ್ಟು ತಯಾರಾಗಿ ಬನ್ನಿ" ಅಂತ ಬರೆಯೋದಕ್ಕೂ ಬರೆಯದೇ ಇರೋದಕ್ಕೂ ವ್ಯತ್ಯಾಸ ಇಲ್ಲ. ನಾಲ್ಕು ಫೈಲ್ ಅಟ್ಯಾಚ್ ಮಾಡಿ "ಓದಿಕೊಂಡು ಬನ್ನಿ" ಅಂದ್ರೂ ಅಷ್ಟೇ, ಯಾವ ಪುಟ, ಯಾಕೆ ಓದ್ಬೇಕು, ಓದಿ ಏನು ಮಾಡ್ಬೇಕು ಗೊತ್ತಾಗಲ್ಲ. ತಯಾರಿ ಅಂದ್ರೆ ಮಾಡಿ ಮುಗಿಸಬಹುದಾದ ಒಂದು ಸಣ್ಣ ಕೆಲಸ ಆಗಿರಬೇಕು, ಎಷ್ಟು ಹೊತ್ತು ಹಿಡಿಯುತ್ತೆ ಅಂತ ಬರೆದಿರಬೇಕು, ಮತ್ತೆ ಅದು ಮಾಡಿದ್ದಾರೋ ಇಲ್ವೋ ಅಂತ ಸಭೆಗೆ ಮುಂಚೆನೇ ಕರೆದವರಿಗೆ ಗೊತ್ತಾಗಬೇಕು.

ನಾನು ಕೇಳಿದ್ದು ಎರಡೇ. ಒಂದು, ಎರಡು ಪುಟದ ಟಿಪ್ಪಣಿ ಓದಿ, ಹತ್ತು ನಿಮಿಷ. ಎರಡು, ನಿಮ್ಮ ಮನೆಗೆ ನೀರು ಎಷ್ಟು ಕಡೆಯಿಂದ ಒಳಗೆ ಬರುತ್ತೆ ಅಂತ ಎಣಿಸಿ ಬುಧವಾರದೊಳಗೆ ನನಗೆ ನಂಬರ್ ಕಳಿಸಿ.

ಎರಡನೇದು ಯಾಕೆ ಅಂದ್ರೆ, ಸ್ವಂತ ಮನೇಲಾದ್ರೆ ನೀರು ಒಂದೇ ಪೈಪಿಂದ ಬರುತ್ತೆ, ಒಂದು ಮೀಟರ್ ಸಾಕು. ಹಳೇ ಅಪಾರ್ಟ್‌ಮೆಂಟಲ್ಲಿ ಹಾಗಲ್ಲ, ಟೆರೇಸ್ ಟ್ಯಾಂಕಿಂದ ಪ್ರತಿ ಡಕ್ಟಲ್ಲೂ ಒಂದೊಂದು ಪೈಪ್ ಕೆಳಗಿಳಿಯುತ್ತೆ, ಅಡುಗೆಮನೆಗೆ ಒಂದು ಡಕ್ಟ್, ಬಾತ್‌ರೂಮಿಗೆ ಬೇರೆ ಡಕ್ಟ್, ಯುಟಿಲಿಟಿಗೆ ಇನ್ನೊಂದು. ಪ್ರತಿ ಕಡೆ ಒಂದು ವಾಲ್ವ್, ಪ್ರತಿ ವಾಲ್ವ್ ಹತ್ತಿರ ಒಂದು ಮೀಟರ್. ಮೀಟರ್ ಕಂಪನಿಯವರು ಎರಡು ಮನೆ ನೋಡಿ "ಮನೆಗೆ ನಾಲ್ಕು" ಅಂತ ಲೆಕ್ಕ ಹಾಕಿ 192 ಮೀಟರಿಗೆ ಕೊಟೇಶನ್ ಕೊಟ್ಟಿದ್ರು. ಮುಳ್ಳು ತಿರುಗೋ ಮೆಕ್ಯಾನಿಕಲ್ ಮೀಟರ್ ಫಿಟ್ಟಿಂಗ್ ಸೇರಿ ಒಂದಕ್ಕೆ 2,600, ರೀಡಿಂಗ್ ತಾನಾಗೇ ಕಳಿಸೋ ಸ್ಮಾರ್ಟ್ ಮೀಟರ್ 5,800.

ಬುಧವಾರ ರಾತ್ರಿಗೆ 29 ಮನೆಯ ನಂಬರ್ ಬಂದಿತ್ತು. ಗುರುವಾರ ಉಳಿದವರಿಗೆ ಫೋನ್ ಮಾಡಿದೆ, ಬೀಗ ಹಾಕಿರೋ ಮನೆಗಳನ್ನ ಪ್ಲಂಬರ್ ಜೊತೆ ಡಕ್ಟಲ್ಲಿ ಟಾರ್ಚ್ ಹಿಡಿದು ನೋಡಿದ್ವಿ. ಅಷ್ಟರಲ್ಲಿ ಮೂರನೇ ಮಹಡಿಯಿಂದ ಒಬ್ಬರು ಆಂಟಿ ಫೋನ್ ಮಾಡಿದ್ರು, "ನಮ್ಮನೇಲಿ ಐದು ಬರ್ತಿದೆ ಕಣಪ್ಪಾ, ಸೋಲಾರ್ ಬಿಸಿನೀರಿನ ಪೈಪ್ ಎಣಿಸ್ಬೇಕಾ ಬೇಡ್ವಾ?" ಅಂತ. ಸೋಲಾರ್ ಲೈನ್ ಇರೋದು ಮೇಲಿನ ಮಹಡಿಯ 12 ಮನೆಗೆ ಮಾತ್ರ. ಅದಕ್ಕೆ ಮೀಟರ್ ಹಾಕದಿದ್ರೆ ಆ 12 ಮನೆಯ ಬಿಸಿನೀರು ಯಾರ ಲೆಕ್ಕಕ್ಕೂ ಬರ್ತಿರಲಿಲ್ಲ, ಕೆಳಗಿನ 36 ಮನೆಯವರು ಅದರ ದುಡ್ಡನ್ನೂ ಹಂಚಿಕೊಂಡು ಕಟ್ಟಬೇಕಾಗ್ತಿತ್ತು. 36 ಮನೆಗೆ ನಾಲ್ಕು, 12 ಮನೆಗೆ ಐದು, ಒಟ್ಟು 204. ಮೆಕ್ಯಾನಿಕಲ್ ಆದ್ರೆ 5,30,400, ಸ್ಮಾರ್ಟ್ ಆದ್ರೆ 11,83,200. ಇದು ಸಭೆ ಮುಗಿದು ಪೈಪ್ ಕತ್ತರಿಸೋಕೆ ಶುರು ಮಾಡಿದ ಮೇಲೆ ಗೊತ್ತಾಗಿದ್ರೆ ಇನ್ನೊಂದು ಜಗಳ ಆಗ್ತಿತ್ತು. ಆಂಟಿಯ ಒಂದು ಫೋನಿಂದ ಅದು ಸಭೆಗೆ ಮೂರು ದಿನ ಮುಂಚೆನೇ ಗೊತ್ತಾಯ್ತು. ಸರಿಯಾದ ಕೆಲಸ ಕೇಳಿದ್ರೆ ಬರೋ ಜನರೇ ಮಾಹಿತಿ ತಂದುಕೊಡ್ತಾರೆ ಅಂತ ನಾನು ಕಲಿತಿದ್ದು ಅವತ್ತು.

ಮೊದಲ ಆಮಂತ್ರಣ ಹತ್ತು ದಿನ ಮುಂಚೆ ಹೋಗಿತ್ತು, ಹೊಸ ಲೆಕ್ಕ ಸೇರಿಸಿ ಶುಕ್ರವಾರ ಮತ್ತೆ ಕಳಿಸಿದೆ. ಎರಡನೇ ಸಲ ಕಳಿಸಿದ್ದು ಇದು:

"ಭಾನುವಾರ ಬೆಳಗ್ಗೆ 10:30ಕ್ಕೆ ತೀರ್ಮಾನ: ಮನೆಗೆ ನೀರಿನ ಮೀಟರ್ ಹಾಕಿಸಬೇಕೇ, ಹಾಕಿಸಿದರೆ ಯಾವುದು? (ಪಾರ್ಟಿ ಹಾಲ್, 12 ಗಂಟೆಗೆ ಮುಕ್ತಾಯ)

ಯಾಕೆ: ಮಾರ್ಚಲ್ಲಿ ಟ್ಯಾಂಕರಿಗೆ 77,000 ರೂ. ಆಯ್ತು, ಸಮನಾಗಿ ಹಂಚಿದ್ದಕ್ಕೆ 17 ಮನೆಯವರು ಲಿಖಿತವಾಗಿ ಆಕ್ಷೇಪ ಕೊಟ್ಟಿದ್ದಾರೆ. ಬಳಕೆ ಪ್ರಕಾರ ಹಂಚಬೇಕಾದರೆ ಮೀಟರ್ ಬೇಕು.

ನಿಮ್ಮಿಂದ ಬೇಕಾದ ತೀರ್ಮಾನ: ಮೂರರಲ್ಲಿ ಒಂದು. (ಅ) ಮೀಟರ್ ಬೇಡ, ಈಗಿನಂತೆ ಸಮನಾಗಿ ಹಂಚುವುದು. ಖರ್ಚಿಲ್ಲ, ಆಕ್ಷೇಪ ಹಾಗೇ ಉಳಿಯುತ್ತದೆ. (ಆ) ಮೆಕ್ಯಾನಿಕಲ್ ಮೀಟರ್, ಒಟ್ಟು 5,30,400, ಮನೆಗೆ 11,050. ತಿಂಗಳಿಗೊಮ್ಮೆ ಯಾರಾದರೂ ಡಕ್ಟಲ್ಲಿ 204 ರೀಡಿಂಗ್ ಬರೆದುಕೊಳ್ಳಬೇಕು. (ಇ) ಸ್ಮಾರ್ಟ್ ಮೀಟರ್, ಒಟ್ಟು 11,83,200, ಮನೆಗೆ 24,650. ರೀಡಿಂಗ್ ತಾನಾಗೇ ಬರುತ್ತದೆ, ಬ್ಯಾಟರಿ ಬದಲಾವಣೆ ಖರ್ಚು ಮುಂದೆ ಬರುತ್ತದೆ. ಆ ಅಥವಾ ಇ ಆದರೆ ಹಣ ಕಾರ್ಪಸ್ಸಿಂದಲೋ (ಈಗ 18 ಲಕ್ಷ ಇದೆ) ಮನೆಮನೆಯಿಂದಲೋ ಅದನ್ನೂ ಅವತ್ತೇ ತೀರ್ಮಾನಿಸಬೇಕು. ಕಮಿಟಿಯ ಶಿಫಾರಸು: ಇ, ಕಾರ್ಪಸ್ಸಿಂದ.

ಬರುವ ಮುಂಚೆ: ಎರಡು ಪುಟದ ಟಿಪ್ಪಣಿ ಓದಿ, 10 ನಿಮಿಷ. ನಿಮ್ಮ ಮನೆಯ ಪೈಪ್ ಸಂಖ್ಯೆ ಪಟ್ಟಿಯಲ್ಲಿ ಸರಿ ಇದೆಯಾ ನೋಡಿ, ತಪ್ಪಿದ್ದರೆ ಶನಿವಾರ ಸಂಜೆಯೊಳಗೆ ತಿಳಿಸಿ.

ಯಾರು ಬರಬೇಕು: ಓನರ್‌ಗಳು, ಮನೆಗೊಂದು ವೋಟು. ಊರಲ್ಲಿಲ್ಲದವರು ಅ, ಆ, ಇ ಅಂತ ಶನಿವಾರದೊಳಗೆ ಮೇಲ್ ಮಾಡಿ. ಬಾಡಿಗೆಗೆ ಇರುವವರಿಗೆ ಬರಲೇಬೇಕು ಅಂತಿಲ್ಲ, ಬಂದರೆ ಮೊದಲ 20 ನಿಮಿಷ ಅವರ ಮಾತು ಕೇಳುತ್ತೇವೆ.

ಅವತ್ತು ಬರದ ವಿಷಯ: ಹೊಸ ಬೋರ್, ಮಳೆನೀರು ಗುಂಡಿ, ಲಿಫ್ಟ್. ಗುಂಡಿ ಬಗ್ಗೆ ಮೇ ತಿಂಗಳಲ್ಲಿ ಬೇರೆ ಸಭೆ.

ತಿಳಿಸಬೇಕಾದ್ದು: ಕೊಟೇಶನ್ ಕೊಟ್ಟ ಕಂಪನಿಯೊಂದರಲ್ಲಿ ಕಮಿಟಿ ಸದಸ್ಯರೊಬ್ಬರ ಸಂಬಂಧಿಕರು ಕೆಲಸ ಮಾಡುತ್ತಾರೆ. ಆ ಸದಸ್ಯರು ಈ ವಿಷಯದಲ್ಲಿ ವೋಟ್ ಹಾಕುವುದಿಲ್ಲ."

ಉದ್ದ ಆಯ್ತು ಅಂತ ಕಮಿಟಿಯಲ್ಲೇ ಒಬ್ಬರು ಹೇಳಿದ್ರು. ಹೌದು, ಆದರೆ ಮೊದಲ ಸಾಲು ಓದಿದ್ರೆ ಸಾಕು, ಫೋನಿನ ನೋಟಿಫಿಕೇಶನಲ್ಲಿ ಕಾಣೋದು ಅಷ್ಟೇ, ಹಾಗಾಗಿ ತೀರ್ಮಾನದ ಪ್ರಶ್ನೆ ಅಲ್ಲೇ ಇರಬೇಕು ಅಂತ ಹಟ ಹಿಡಿದೆ. ಆಫೀಸಿನ ಕ್ಯಾಲೆಂಡರ್ ಇನ್ವೈಟಲ್ಲೂ ಇದೇ ಕಥೆ, ಜನ ನೋಡೋದು ಟೈಟಲ್, ಒಳಗಿನ ವಿವರ ತೆಗೆದು ನೋಡೋರು ಕಮ್ಮಿ. "ರಿಲೀಸ್ ಡಿಸ್ಕಷನ್" ಅಂತ ಇಟ್ಟರೆ ಯಾರಿಗೂ ಏನೂ ತಿಳಿಯಲ್ಲ, "ತೀರ್ಮಾನ: ಶುಕ್ರವಾರ ರಿಲೀಸ್ ಮಾಡೋದಾ ಸೋಮವಾರಕ್ಕೆ ಹಾಕೋದಾ" ಅಂತಿಟ್ಟರೆ ಟೆಸ್ಟಿಂಗ್ ಟೀಮಿನವರು ತಾವೇ ಬಾಕಿ ಬಗ್ ಪಟ್ಟಿ ತಗೊಂಡು ಬರ್ತಾರೆ, ಕೇಳೋದೇ ಬೇಡ.

ವಿರೋಧ ಬಂದಿದ್ದು ಬೇರೆ ಕಡೆಯಿಂದ. ನಮ್ಮಲ್ಲಿ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಒಬ್ಬರಿದ್ದಾರೆ, ಎಲ್ಲರೂ ರಾಯರು ಅಂತಾರೆ. ಮೊದಲ ಆಮಂತ್ರಣ ಓದಿ ಮನೆಗೆ ಕರೆದ್ರು, ಕಾಫಿ ಕೊಟ್ಟು ನೇರವಾಗಿ ಹೇಳಿದ್ರು:

"ನೀವು ಕಮಿಟಿಯವರು ಆಗ್ಲೇ ತೀರ್ಮಾನ ಮಾಡ್ಬಿಟ್ಟಿದ್ದೀರಿ. ನಮ್ಮನ್ನ ಕರೀತಿರೋದು ಸಹಿ ಹಾಕಿಸ್ಕೊಳ್ಳೋಕೆ."

"ಹಾಗಲ್ಲ ರಾಯರೇ, ಸಭೆಯಲ್ಲೇ ತೀರ್ಮಾನ ಆಗೋದು" ಅಂದೆ.

"ಹಾಗಾದ್ರೆ ಬೇಡ ಅನ್ನೋದಕ್ಕೆ ಜಾಗ ಎಲ್ಲಿದೆ ಇದರಲ್ಲಿ? ಯಾವ ಮೀಟರ್ ಅಂತ ಮಾತ್ರ ಕೇಳಿದ್ದೀರಿ."

ಅವರು ಹೇಳಿದ್ದು ನಿಜ. ಮೊದಲ ಕರಡಲ್ಲಿ (ಅ) ಇರಲೇ ಇಲ್ಲ. ಖಾಲಿ ಬಿಟ್ಟ ಸಾಲಲ್ಲಿ "ಹಾಕಿಸದಿರಲು" ಅಂತ ನಾನೇ ಬರೆದಿದ್ದೆ, ಆಮಂತ್ರಣಕ್ಕೆ ಬರೋವಾಗ ಬಿಟ್ಟುಹೋಗಿತ್ತು. ಬೇಕಾದ ತೀರ್ಮಾನ ಏನು ಅಂತ ಬರೆಯೋ ಈ ರೀತಿಯಲ್ಲಿ ದೊಡ್ಡ ಅಪಾಯ ಇದೇ, ಪ್ರಶ್ನೆ ಬರೆಯೋರು ಗೊತ್ತಿಲ್ಲದೇ ಉತ್ತರಾನೂ ಅದರೊಳಗೆ ಇಟ್ಟುಬಿಡ್ತಾರೆ. ಅದಕ್ಕೇ ಶುಕ್ರವಾರದ ಆಮಂತ್ರಣದಲ್ಲಿ ಏನೂ ಮಾಡದಿರೋದನ್ನ ಮೊದಲನೇ ಆಯ್ಕೆಯಾಗಿ, ಅದರ ಲಾಭ ನಷ್ಟದ ಜೊತೆ ಹಾಕಿದೆ. ಕಮಿಟಿಗೆ ಒಂದು ಅಭಿಪ್ರಾಯ ಇತ್ತು, ಅದನ್ನ ಮುಚ್ಚಿಡೋದೂ ಸರಿಯಲ್ಲ, ಹಾಗಾಗಿ ಆಯ್ಕೆಗಳಲ್ಲಿ ಬೆರೆಸದೇ ಶಿಫಾರಸು ಅಂತ ಬೇರೆ ಸಾಲಲ್ಲಿ ಬರೆದೆ. ರಾಯರು ಅದನ್ನ ಓದಿ "ಈಗ ವಾದ ಮಾಡೋಕೆ ನಂಗೂ ಒಂದು ಜಾಗ ಸಿಕ್ತು" ಅಂತ ಮೆಸೇಜ್ ಮಾಡಿದ್ರು.

ಇನ್ನೊಂದು ಸಲಹೆ ಬಂದಿತ್ತು, ಉತ್ತರ ಕೊಡದವರು ಕಮಿಟಿ ಶಿಫಾರಸಿಗೆ ಒಪ್ಪಿದ ಹಾಗೆ ಅಂತ ಬರೆಯೋಣ, ಕೆಲಸ ಬೇಗ ಆಗುತ್ತೆ ಅಂತ. ಆಫೀಸಲ್ಲಿ ಸಣ್ಣಪುಟ್ಟ ವಿಷಯಕ್ಕೆ ಇದು ನಡೆಯುತ್ತೆ, ಗುರುವಾರದೊಳಗೆ ಆಕ್ಷೇಪ ಬರದಿದ್ರೆ ಹೀಗೇ ಮುಂದುವರಿಯುತ್ತೇವೆ ಅಂತ ಬರೆದರೆ ಎಷ್ಟೋ ಮೀಟಿಂಗೇ ಬೇಕಾಗಲ್ಲ. ಆದರೆ ಎಲ್ಲರ ದುಡ್ಡಿನ ವಿಷಯದಲ್ಲಿ ಮೌನವನ್ನ ಒಪ್ಪಿಗೆ ಅಂತ ಲೆಕ್ಕ ಹಾಕೋದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ, ಅದು ಬೇಡ ಅಂದೆ.

ಎಲ್ಲ ಸಭೆಗೂ ತೀರ್ಮಾನದ ಸಾಲು ಇರಲೇಬೇಕು ಅಂತ ನಾನು ಹೇಳ್ತಿಲ್ಲ. ಹೋದ ವರ್ಷ ನಮ್ಮ ವಾಚ್‌ಮನ್ ಮಗು ಸಂಪಿನ ಹತ್ತಿರ ಜಾರಿ ಬಿದ್ದು ಪೆಟ್ಟು ಮಾಡ್ಕೊಂಡಾಗ ಒಂದು ಸಭೆ ಕರೆದಿದ್ವಿ, ಅವತ್ತು ಜನರಿಗೆ ಬೇಕಾಗಿದ್ದು ಹೇಳ್ಕೊಳ್ಳೋದು, ಕೇಳಿಸ್ಕೊಳ್ಳೋದು. ಆಗ "ಅವತ್ತು ಯಾವ ತೀರ್ಮಾನವೂ ಇಲ್ಲ, ನಿಮ್ಮ ಮಾತು ಕೇಳೋಕೆ ಸೇರ್ತಿದ್ದೇವೆ" ಅಂತಾನೇ ಬರೆದೆ. ಅದೂ ಒಂದು ಉದ್ದೇಶ, ಬರೆದಾಗ ಜನ ಅದಕ್ಕೆ ತಕ್ಕ ಹಾಗೆ ಬಂದ್ರು. ಇನ್ನು ಬರೀ ವಿಷಯ ತಿಳಿಸೋದಿದ್ರೆ, ಲಿಫ್ಟ್ ಮಂಗಳವಾರ ರಿಪೇರಿ ಅಂತ ಹೇಳೋದಿದ್ರೆ, ನೋಟಿಸ್ ಬೋರ್ಡ್ ಸಾಕು, ಅದಕ್ಕೆ ಯಾರನ್ನೂ ಕರೆಯಬಾರದು.

ಒಂದು ವಿಷಯದಲ್ಲಿ ಮಾತ್ರ ನಾನು ಹಳೇ ಪದ್ಧತಿ ಬಿಟ್ಟೆ. ನಮ್ಮ ಎಲ್ಲ ನೋಟಿಸಿನ ಕೊನೇಲೂ "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು" ಅಂತ ಒಂದು ಸಾಲು ಇರ್ತಿತ್ತು, ಸೊಸೈಟಿ, ಸಂಘ, ಎಲ್ಲ ಕಡೆ ಇದೆ. ಆ ಬಾಗಿಲಿಂದಾನೇ ಲಿಫ್ಟು, ಸೆಕ್ಯುರಿಟಿ ಎಲ್ಲ ಒಳಗೆ ಬರೋದು, ಅದೂ ಯಾರೂ ತಯಾರಾಗಿ ಬಂದಿರದ ವಿಷಯ, ಅರ್ಧ ಜನ ಎದ್ದು ಹೋದ ಮೇಲೆ. ಈಗ ಇತರೆ ವಿಷಯ ಯಾರಿಗಾದ್ರೂ ಇದ್ರೆ ಸಭೆಗೆ ಐದು ದಿನ ಮುಂಚೆ ಬರೆದು ಕೊಡಿ ಅಂತ ಕೇಳ್ತೀವಿ, ಅದಕ್ಕೂ ಅದೇ ಖಾಲಿ ಸಾಲು ತುಂಬಿಸಿ.

ಭಾನುವಾರ ಬಂತು. 31 ಮನೆಯ ಓನರ್‌ಗಳು ಬಂದ್ರು, ಆರು ಮನೆಯಿಂದ ಮೇಲ್ ಬಂದಿತ್ತು, ಒಟ್ಟು 37. ಟಿಪ್ಪಣಿ ಎಷ್ಟು ಜನ ಓದಿದ್ದೀರಿ ಅಂತ ಕೇಳಿದೆ, ಕೈ ಎತ್ತಿದವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನಾನು ಇದನ್ನ ನಿರೀಕ್ಷಿಸಿದ್ದೆ, 40 ಪ್ರತಿ ಪ್ರಿಂಟ್ ಹಾಕಿಸಿಟ್ಟಿದ್ದೆ, ಮೊದಲ ಹತ್ತು ನಿಮಿಷ ಎಲ್ಲರೂ ಸುಮ್ಮನೆ ಕೂತು ಓದಿದ್ವಿ. ಅಮೆಜಾನಲ್ಲಿ 2004ರಲ್ಲಿ ಸ್ಲೈಡ್ ತೋರಿಸೋದು ಬಿಟ್ಟು ಬರೆದ ಟಿಪ್ಪಣಿ ತಂದು ಸಭೆಯ ಶುರುವಲ್ಲಿ ಎಲ್ಲರೂ ಮೌನವಾಗಿ ಓದೋ ಪದ್ಧತಿ ತಂದ್ರು, ಅಲ್ಲಿಯವರೂ ಮನೆಯಲ್ಲಿ ಓದಿಕೊಂಡು ಬರಲ್ಲ ಅನ್ನೋದು ಅದರ ಒಂದು ಕಾರಣ. ಓದದೇ ಬಂದವರನ್ನ ಬೈದು ಪ್ರಯೋಜನ ಇಲ್ಲ, ಓದೋಕೆ ಜಾಗ ಮಾಡಿಕೊಡಬೇಕು. ಆದರೆ ಪೈಪ್ ಎಣಿಸೋ ಕೆಲಸ ಸಭೆಯಲ್ಲಿ ಮಾಡೋಕಾಗ್ತಿರಲಿಲ್ಲ, ಅದಕ್ಕೇ ಅದನ್ನ ಮುಂಚೆನೇ ಮಾಡಿಸಿದ್ದು. ಮನೆಯಲ್ಲೇ ಆಗಬೇಕಾದ ತಯಾರಿ ಯಾವುದು, ಹಾಲಲ್ಲೂ ಆಗೋದು ಯಾವುದು ಅಂತ ಬೇರೆ ಮಾಡಿಕೊಂಡ್ರೆ ಎಷ್ಟೋ ತಲೆನೋವು ಕಮ್ಮಿ.

ಲಿಫ್ಟ್ ವಿಷಯ ಒಂದು ಸಲ ಎದ್ದಿತು, ಅಧ್ಯಕ್ಷರು ಆಮಂತ್ರಣದ "ಅವತ್ತು ಬರದ ವಿಷಯ" ಅನ್ನೋ ಸಾಲು ತೋರಿಸಿದ್ರು, ಕೇಳಿದವರು ಸರಿ ಅಂತ ಕೂತ್ರು. ರಾಯರು (ಅ) ಪರವಾಗಿ ಹತ್ತು ನಿಮಿಷ ಮಾತಾಡಿದ್ರು, ಕಾರ್ಪಸ್ ಇರೋದು ಕಟ್ಟಡಕ್ಕೆ ಪೇಂಟ್ ಮಾಡಿಸೋಕೆ, ಅದನ್ನ ಮುಟ್ಟಬಾರದು ಅಂತ. ಅವರ ಮಾತಿಂದ ಒಂದು ಬದಲಾವಣೆ ಆಯ್ತು, ಅರ್ಧ ಕಾರ್ಪಸ್ಸಿಂದ, ಅರ್ಧ ಮನೆಮನೆಯಿಂದ ಅನ್ನೋ ಸಲಹೆ ಬಂತು. ಇದು ನಾನು ಬರೆದ ಆಯ್ಕೆಗಳಲ್ಲಿ ಇರಲಿಲ್ಲ, ಆದರೆ ಖಾಲಿ ಜಾಗಕ್ಕೆ ಸರಿಯಾಗಿ ಕೂರುತ್ತಿತ್ತು. ವೋಟ್ ಹಾಕಿದ್ದು 36, ಸಂಬಂಧಿಕರಿದ್ದ ಸದಸ್ಯರು ಹೊರಗೆ ನಿಂತಿದ್ರು. (ಇ)ಗೆ 24, (ಆ)ಗೆ 5, (ಅ)ಗೆ 7.

11:40ಕ್ಕೆ ನಾನು ನಡಾವಳಿ ಪುಸ್ತಕ ತೆಗೆದು ಎಲ್ಲರ ಎದುರಿಗೇ ಬರೆದು ಓದಿದೆ: "48 ಮನೆಗಳಿಗೂ ನೀರಿನ ಮೀಟರ್ ಹಾಕಿಸಲು ತೀರ್ಮಾನಿಸಲಾಯಿತು. ಸ್ಮಾರ್ಟ್ ಬಗೆಯ ಮೀಟರ್, ಒಟ್ಟು ಖರ್ಚು 11,83,200 ರೂಪಾಯಿ ಮೀರದಂತೆ, ಹಣ ಅರ್ಧ ಕಾರ್ಪಸ್ ಫಂಡಿಂದ, ಉಳಿದರ್ಧ ಮನೆಗೆ 12,325 ರೂಪಾಯಿಯಂತೆ." ರಾಯರೇ ಮೊದಲು ಸಹಿ ಹಾಕಿದ್ರು.

ಪೆನ್ ಮುಚ್ಚಿ ಕೊಡೋವಾಗ ಅವರು ಕೇಳಿದ್ರು, "ಸಾವಿರ ಲೀಟರಿಗೆ ಎಷ್ಟು ಅಂತ ಯಾವಾಗ ತೀರ್ಮಾನ?" ಅದು ಅವತ್ತಿನ ಸಾಲಲ್ಲಿ ಇರಲಿಲ್ಲ. ಮೂರು ತಿಂಗಳ ರೀಡಿಂಗ್ ಕೈಗೆ ಬಾರದೇ ಅದನ್ನ ತುಂಬೋಕೂ ಆಗಲ್ಲ ಅಂದೆ. ಮನೆಗೆ ಬಂದು ಹೊಸ ಹಾಳೆಯಲ್ಲಿ "ಸಾವಿರ ಲೀಟರಿಗೆ ____ ರೂಪಾಯಿ, ____ ತಿಂಗಳ ಬಿಲ್ಲಿಂದ" ಅಂತ ಬರೆದು ಫೈಲಲ್ಲಿ ಇಟ್ಟೆ.